ಬ್ಲೂಟೂತ್ ಹೆಡ್‌ಫೋನಿಗೆ ಲಾಸ್‌ಲೆಸ್ ಬೇಕಾ?

"ಸಿರ್ಸಿಯಿಂದ ಕಾರವಾರಕ್ಕೆ ಬಸ್ಸಲ್ಲಿ ಹಾಡು ಕೇಳ್ತಾ ಹೋದ್ರೆ ದಿನದ 1.5 ಜಿಬಿ ಡೇಟಾ ಖಾಲಿ. ವೈರ್‌ಲೆಸ್ ಹೆಡ್‌ಫೋನಿಗೆ ಯಾವ ಕ್ವಾಲಿಟಿ ಇಡಬೇಕು?"

ನಿಮ್ಮ ಆ್ಯಪ್‌ನಲ್ಲಿ ಮೊಬೈಲ್ ಡೇಟಾಗೂ Lossless, ಅಂದ್ರೆ ಹಾಡಿನ ಗುಣಮಟ್ಟ ಒಂಚೂರೂ ಕಳೆಯದೆ ಕಳಿಸುವ ಆಯ್ಕೆ, ಆನ್ ಆಗಿರಬೇಕು. ಅದು ಗಂಟೆಗೆ ಸುಮಾರು 400 ಎಂಬಿ ತಿನ್ನುತ್ತದೆ, ಹಾಡಿನ ಮೇಲೆ ಸ್ವಲ್ಪ ಹೆಚ್ಚುಕಮ್ಮಿ. ಮೂರು ಗಂಟೆಗೆ 1.2 ಜಿಬಿ ಹೋಯ್ತಲ್ವಾ? ಹೆಡ್‌ಫೋನ್ ಡೇಟಾ ತಿನ್ನುವುದಿಲ್ಲ, ಎಲ್ಲಾ ಖರ್ಚೂ ಟವರಿನಿಂದ ಫೋನಿಗೆ ಬರುವಾಗಲೇ.

ಬೇಜಾರಿನ ಸಂಗತಿ ಅಂದ್ರೆ, ಅಷ್ಟು ಡೇಟಾ ಕೊಟ್ಟು ತರಿಸಿದ ಹಾಡನ್ನು ಫೋನ್ ಬ್ಲೂಟೂತಿಗೆ ಕಳಿಸುವ ಮುಂಚೆ ಮತ್ತೆ ಕುಗ್ಗಿಸುತ್ತದೆ. ಹೀಗೆ ಕುಗ್ಗಿಸುವ ವಿಧಾನಕ್ಕೆ ಕೋಡೆಕ್ ಅಂತಾರೆ. ಎಸ್‌ಬಿಸಿ ಅಥವಾ ಎಎಸಿ ಕೋಡೆಕ್ ಆದ್ರೆ ಸೆಕೆಂಡಿಗೆ 250–330 ಕಿಲೋಬಿಟ್ ಆಸುಪಾಸು, ಅಷ್ಟೇ.

ಮೊದಲು ಆ್ಯಪ್‌ನ ಆಡಿಯೋ ಕ್ವಾಲಿಟಿ ಸೆಟ್ಟಿಂಗ್ ತೆರೆಯಿರಿ. ವೈಫೈಗೆ, ಮೊಬೈಲ್ ಡೇಟಾಗೆ, ಡೌನ್‌ಲೋಡಿಗೆ ಬೇರೆ ಬೇರೆ ಸಾಲು ಇರುತ್ತದೆ. ಮೊಬೈಲ್ ಡೇಟಾಗೆ 160 ಕೆಬಿಪಿಎಸ್ ಹತ್ತಿರದ್ದು ಇಡಿ. ಗಂಟೆಗೆ 72 ಎಂಬಿ, ಇಡೀ ದಾರಿಗೆ 216. ಬಸ್ಸಿನ ಸದ್ದಿನಲ್ಲಿ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಆಮೇಲೆ ಡೌನ್‌ಲೋಡನ್ನು 320ಕ್ಕೆ ಇಟ್ಟು, ಹಿಂದಿನ ರಾತ್ರಿ ಮನೆ ವೈಫೈನಲ್ಲಿ ಇಳಿಸಿಕೊಳ್ಳಿ. ದೇವಿಮನೆ ಘಾಟಿಯಲ್ಲಿ ನೆಟ್‌ವರ್ಕ್ ಹೋದ್ರೂ ಹಾಡು ನಿಲ್ಲುವುದಿಲ್ಲ.

ಹೆಡ್‌ಫೋನಿಗೂ ಫೋನಿಗೂ ಎಲ್‌ಡಿಎಸಿ ಅನ್ನುವ ಕೋಡೆಕ್ ಇದ್ದರೆ ಮಾತು ಬೇರೆ. ಅದು 990 ಕಿಲೋಬಿಟ್‌ವರೆಗೆ ಹೋಗುತ್ತದೆ, ಆಗ Lossless ಮನೆಯಲ್ಲಿ ಕೂತು ಕೇಳಲಿಕ್ಕೆ ಚೆನ್ನ. ಆಂಡ್ರಾಯ್ಡ್‌ನಲ್ಲಿ ಡೆವಲಪರ್ ಆಪ್ಶನ್ಸ್ ಒಳಗೆ Bluetooth Audio Codec ನೋಡಿ, ಹೆಡ್‌ಫೋನ್ ಕನೆಕ್ಟ್ ಆಗಿರುವಾಗಲೇ. ಅಲ್ಲಿ SBC ಅಥವಾ AAC ಕಂಡರೆ Lossless ಆಫ್ ಮಾಡಿಬಿಡಿ.