ಹಾಳೆ ತಟ್ಟೆ ಬ್ರೋಷರ್‌ನ ದೊಡ್ಡ ದೊಡ್ಡ ಮಾತು ತೆಗ್ದು, ಆರ್ಡರ್ ಬರುವ ಹಾಗೆ ಬರೆಯುದು ಹೇಗೆ?

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ರ ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಕಂಪನಿ. ಬ್ರೋಷರ್ ತುಂಬ ವಿಶ್ವದರ್ಜೆ, ಅಗ್ರಗಣ್ಯ, 100% ಪರಿಸರಸ್ನೇಹಿ ಅಂತೆಲ್ಲ ಉಂಟು. ಅದನ್ನೆಲ್ಲ ತೆಗ್ದು ಸರಳ ಮಾಡ್ಬೇಕು ಅಂತ ನಂಗೆ, ಆದ್ರೆ ತೆಗೆದ್ರೆ ಸಪ್ಪೆ ಆಗ್ತದೆ, ಆರ್ಡರ್ ಬರ್ಲಿಕ್ಕಿಲ್ಲ ಅಂತ ಮಾವ ಹೇಳ್ತಾರೆ. ಎರಡೂ ಆಗುವ ಹಾಗೆ ಬರೆಯುದು ಹೇಗೆ?

ಉತ್ತರ:

ಬರೀ ತೆಗೆದ್ರೆ ಮಾವ ಹೇಳಿದ ಹಾಗೇ ಆಗುದು, ಅದ್ರಲ್ಲಿ ಅವರದ್ದು ತಪ್ಪಿಲ್ಲ. ಒಂದೊಂದು ದೊಡ್ಡ ಮಾತು ತೆಗೆದ ಜಾಗದಲ್ಲಿ, ಆ ಮಾತಿನ ಹಿಂದೆ ನಿಮ್ಮ ಶೆಡ್ಡಿನಲ್ಲಿ ನಿಜವಾಗಿ ನಡೆಯುವ ಕೆಲಸ ಎಂತ ಉಂಟೋ ಅದನ್ನು ತಂದು ಇಡ್ಬೇಕು. ಹಿಂದೆ ಎಂತದೂ ಇಲ್ಲದಿದ್ರೆ ಮಾತ್ರ ಖಾಲಿ ಬಿಡುದು.

ನಾನು ಕುಂಬಳೆ ಕಡೆ ಡಿಟಿಪಿ, ಪ್ರಿಂಟಿಂಗ್ ಕೆಲಸ ಮಾಡುವವ. ನಿಮ್ಮದೇ ಥರದ ಒಂದು ಹಾಳೆ ತಟ್ಟೆ ಯೂನಿಟ್‌ನ ಬ್ರೋಷರ್ ಪೂರ್ತಿ ಹೊಸದಾಗಿ ಬರೆದು ಕೊಟ್ಟಿದ್ದೆ, ಹಾಗಾಗಿ ಅದನ್ನೇ ಹಿಡ್ಕೊಂಡು ಹೇಳ್ತೇನೆ. ಅವರ ಹಳೇ ಬ್ರೋಷರ್‌ನ ಮೊದಲ ಪ್ಯಾರಾ ಹೀಗಿತ್ತು:

"ಅತ್ಯಾಧುನಿಕ ತಂತ್ರಜ್ಞಾನ ಹಾಗೂ ಕಟ್ಟುನಿಟ್ಟಿನ ಗುಣಮಟ್ಟ ನಿಯಂತ್ರಣದೊಂದಿಗೆ, ಗ್ರಾಹಕರ ಸಂತೃಪ್ತಿಯನ್ನೇ ಧ್ಯೇಯವಾಗಿಸಿಕೊಂಡು, 100% ಪರಿಸರಸ್ನೇಹಿ, ರಾಸಾಯನಿಕಮುಕ್ತ, ಆರೋಗ್ಯಕರ, ಐಎಸ್‌ಒ ಪ್ರಮಾಣೀಕೃತ, ರಫ್ತು ಗುಣಮಟ್ಟದ ಹಾಳೆ ಉತ್ಪನ್ನಗಳ ಸಮಗ್ರ ಪರಿಹಾರಗಳನ್ನು ಒದಗಿಸುತ್ತಿರುವ ಅಗ್ರಗಣ್ಯ ಸಂಸ್ಥೆ."

ಮೊದಲು ಇದನ್ನು ಪ್ರಿಂಟ್ ತೆಗ್ದು ಪೆನ್ನು ಹಿಡ್ಕೊಂಡು ಕೂತ್ಕೊಳ್ಳಿ. ನಿಮ್ಮ ಕಂಪನಿ ಹೆಸರು ಇದ್ದಲ್ಲಿ ಪೇಟೆಯ ಟೈಲ್ಸ್ ಅಂಗಡಿ ಹೆಸರು ಹಾಕಿ ಓದಿ ನೋಡಿ. ಆಗ್ಲೂ ಸರಿ ಕೂರುವ ಮಾತೆಲ್ಲ ಅಡ್ಡಗೆರೆ ಹೊಡೆಯಿರಿ. ಗ್ರಾಹಕರ ಸಂತೃಪ್ತಿ, ಸಮಗ್ರ ಪರಿಹಾರ, ಅಗ್ರಗಣ್ಯ, ಇದು ಮೂರೂ ಅಲ್ಲೇ ಹೋಯ್ತು, ಟೈಲ್ಸ್‌ನವರಿಗೂ ಚಂದ ಹೊಂದ್ತದೆ. ಇದರ ಬಗ್ಗೆ ಜಾಸ್ತಿ ಚರ್ಚೆ ಬೇಡ, ಮಾವನಿಗೂ ಇದು ಹೋದದ್ದು ಗೊತ್ತಾಗ್ಲಿಕ್ಕಿಲ್ಲ.

ಕಷ್ಟ ಇರುದು ಉಳಿದದ್ದರಲ್ಲಿ. "ಅತ್ಯಾಧುನಿಕ ತಂತ್ರಜ್ಞಾನ" ಅಂದ್ರೆ ಎಂತದು ಅಂತ ನಾನು ಯಜಮಾನರ ಹತ್ರ ಕೇಳಿದೆ, ಅವರು "ಹೈಡ್ರಾಲಿಕ್ ಮೆಶಿನ್ ಉಂಟಲ್ಲ" ಅಂದ್ರು. ಸರಿ, ಅದರಿಂದ ತಟ್ಟೆ ತಗೊಳ್ಳುವವನಿಗೆ ಎಂತ ಲಾಭ ಅಂತ ಕೇಳಿದೆ. ಆಗ ಹೇಳಿದ್ರು, ಅಚ್ಚಿನ ಬಿಸಿ ಹೆಚ್ಚಾದ್ರೆ ಅಂಚು ಕರಂಚಿ ಹೋಗ್ತದೆ, ಕಮ್ಮಿ ಆದ್ರೆ ತಟ್ಟೆ ಎರಡು ದಿನದಲ್ಲಿ ಸೊಟ್ಟ ಆಗ್ತದೆ, ಇವರ ಮೆಶಿನ್‌ನಲ್ಲಿ ಬಿಸಿ ತನ್ನಷ್ಟಕ್ಕೆ ಒಂದೇ ಮಟ್ಟದಲ್ಲಿ ನಿಲ್ತದೆ, ಹಾಗಾಗಿ ಒಂದರ ಮೇಲೆ ಒಂದು ಇಟ್ರೆ ಸಾಲಾಗಿ ಕೂರ್ತದೆ, ಬಡಿಸುವಾಗ ಅಲ್ಲಾಡುದಿಲ್ಲ ಅಂತ. ಬ್ರೋಷರ್‌ಗೆ ಬೇಕಾದ್ದು ಈ ಕೊನೆಯ ಮಾತು, ಬಡಿಸುವಾಗ ಅಲ್ಲಾಡುದಿಲ್ಲ. ಮೆಶಿನ್ ಹೆಸರು ಬೇಕಂತಲೇ ಇಲ್ಲ.

"ಕಟ್ಟುನಿಟ್ಟಿನ ಗುಣಮಟ್ಟ ನಿಯಂತ್ರಣ"ಕ್ಕೂ ಹೀಗೇ. ಹೋಗಿ ನೋಡಿದ್ರೆ ಅಲ್ಲಿ ಒಬ್ರು ಅಕ್ಕ ಕೂತು ಒಂದೊಂದೇ ತಟ್ಟೆ ಬೆಳಕಿಗೆ ಹಿಡಿದು ನೋಡ್ತಾ ಇದ್ರು, ಸೂಜಿ ಮೊನೆಯಷ್ಟು ತೂತು ಕಂಡ್ರೂ, ಬೂಸ್ಟಿನ ಕಪ್ಪು ಚುಕ್ಕೆ ಕಂಡ್ರೂ ಬದಿಗೆ. ಇಷ್ಟು ಒಳ್ಳೆ ಕೆಲಸ ನಡೀತಾ ಉಂಟು, ಅದನ್ನು ಮೂರು ಪದದಡಿ ಹೂತು ಹಾಕಿದ್ದಾರಲ್ಲ ಅಂತ ನಂಗೆ ನಿಜವಾಗಿ ಬೇಜಾರಾಯ್ತು.

ಇನ್ನು ಅಪಾಯದ ಮಾತುಗಳು, ಇದಕ್ಕೆ ಸ್ವಲ್ಪ ಗಮನ ಕೊಡಿ. "ರಾಸಾಯನಿಕಮುಕ್ತ" ಅಂತ ಎಲ್ಲರೂ ಹಾಕ್ತಾರೆ, ಆದ್ರೆ ನಮ್ಮ ಊರಿನ ತೋಟದಲ್ಲಿ ಮಳೆಗಾಲಕ್ಕೆ ಕೊಳೆರೋಗಕ್ಕೆ ಮದ್ದು ಬಿಡುದು ನಿಮಗೂ ಗೊತ್ತುಂಟು, ಮೈಲುತುತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಗೊನೆಗೆ ಬಿಟ್ಟದ್ದು ಹಾಳೆ ಮೇಲೂ ಬೀಳ್ತದೆ. ನೀವು ಹತ್ತು ತೋಟದಿಂದ ಹಾಳೆ ತರುದಾದ್ರೆ ಅಲ್ಲಿ ಎಂತ ಬಿಟ್ಟಿದ್ದಾರೆ ಅಂತ ನಿಮಗೆ ಗೊತ್ತಿರುದಿಲ್ಲ. ಹಾಗಾಗಿ ನಿಮ್ಮ ಕೈಯಲ್ಲಿ ಇರುವಷ್ಟೇ ಹೇಳಿ: "ನಾವು ನೀರಿನಲ್ಲಿ ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತುತ್ತೇವೆ. ಬಣ್ಣ, ಅಂಟು, ಮೇಣ ಹಾಕುವುದಿಲ್ಲ." ಯಾರಾದ್ರೂ ಬಂದು ನೋಡ್ತೇನೆ ಅಂದ್ರೂ ಈ ಮಾತು ನಿಲ್ತದೆ.

"ಆರೋಗ್ಯಕರ" ಮತ್ತು "ರಫ್ತು ಗುಣಮಟ್ಟ" ಎರಡನ್ನೂ ನಾನು ಒಟ್ಟಿಗೇ ತೆಗೆಸಿದೆ. ಅವರು ಒಂದು ಪೆಟ್ಟಿಗೆಯೂ ಹೊರದೇಶಕ್ಕೆ ಕಳಿಸಿದವರಲ್ಲ. ಅದಕ್ಕಿಂತ ಮುಖ್ಯ, 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆಗಳಿಗೆ ಅಲ್ಲಿ ಆಹಾರ ಬಡಿಸ್ಲಿಕ್ಕೆ ಅನುಮತಿ ಇಲ್ಲ ಅಂತ ಹೇಳಿ ಆಗಿದೆ, ಅಡಿಕೆ ಮರದಲ್ಲಿರುವ ಅಂಶಗಳು ಊಟಕ್ಕೆ ಇಳಿಯಬಹುದು ಅನ್ನುದು ಅವರ ಆತಂಕ. ಇದನ್ನು ಓದಿದ ಗಿರಾಕಿ ನಿಮ್ಮ ಬ್ರೋಷರ್‌ನಲ್ಲಿ "ಆರೋಗ್ಯಕರ, ರಫ್ತು ಗುಣಮಟ್ಟ" ಅಂತ ಕಂಡ್ರೆ ಉಳಿದ ನಿಜವಾದ ಮಾತನ್ನೂ ನಂಬುದಿಲ್ಲ. ಆರೋಗ್ಯದ ಬಗ್ಗೆ ಎಂತಾದ್ರೂ ಹೇಳ್ಲೇಬೇಕಿದ್ರೆ ಲ್ಯಾಬಿನಲ್ಲಿ ಟೆಸ್ಟ್ ಮಾಡಿಸಿ, ರಿಪೋರ್ಟಿನಲ್ಲಿ ಎಂತ ಉಂಟೋ ಅಷ್ಟೇ ಹೇಳಿ.

"100% ಪರಿಸರಸ್ನೇಹಿ" ಅನ್ನುದಕ್ಕೆ ಈಗ ಕಾನೂನಿನ ಕಡೆಯಿಂದಲೂ ತೊಂದರೆ ಉಂಟು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರಲ್ಲಿ ಹಸಿರು ಜಾಹೀರಾತಿನ ಬಗ್ಗೆ ಮಾರ್ಗಸೂಚಿ ತಂದಿದೆ, ಪರಿಸರಸ್ನೇಹಿ, ಹಸಿರು, ನೈಸರ್ಗಿಕ ಅಂತ ಹೇಳುವವರು ಯಾವ ವಿಷಯದಲ್ಲಿ, ಎಂತ ಆಧಾರದಲ್ಲಿ ಅಂತ ತೋರಿಸ್ಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡಕ್ಕೆ ಅವಕಾಶ ಉಂಟು. ನಾವು ಬರೆದದ್ದು "ಬಿದ್ದ ಹಾಳೆಯಿಂದ ಮಾಡಿದ್ದು, ಊಟ ಆದ ಮೇಲೆ ಎಲೆ ಒಟ್ಟಿಗೆ ಗೊಬ್ಬರದ ಗುಂಡಿಗೆ ಹಾಕಬಹುದು" ಅಂತ. ಪ್ಯಾಕಿಂಗ್ ಪ್ಲಾಸ್ಟಿಕ್‌ನದ್ದಾದ್ರೆ 100% ಅನ್ನುದನ್ನು ಮರೆತೇ ಬಿಡಿ.

ಐಎಸ್‌ಒ ವಿಷಯ ಸಣ್ಣದು, ಆದ್ರೆ ಎಲ್ಲರೂ ತಪ್ಪು ಬರೀತಾರೆ. ಐಎಸ್‌ಒ 9001 ಸಿಗುದು ಕಂಪನಿ ಕೆಲಸ ನಡೆಸುವ ವ್ಯವಸ್ಥೆಗೆ, ತಟ್ಟೆಗಲ್ಲ. "ಐಎಸ್‌ಒ ಪ್ರಮಾಣೀಕೃತ ತಟ್ಟೆ" ಅಂತ ಬರೀಬೇಡಿ. ಸರ್ಟಿಫಿಕೇಟಿನ ಅವಧಿ ಮುಗಿದಿಲ್ಲದಿದ್ರೆ ಹಿಂದಿನ ಪುಟದಲ್ಲಿ ಕೊಟ್ಟವರ ಹೆಸರು, ನಂಬ್ರ ಹಾಕಿದ್ರೆ ಸಾಕು.

ಇಷ್ಟು ಆದ ಮೇಲೆ ಉಳಿಯುದು "ಸಪ್ಪೆ" ಪ್ರಶ್ನೆ. ಬ್ರೋಷರ್ ಓದುವವರು ಯಾರು? ಅಡಿಗೆ ಕಂಟ್ರಾಕ್ಟಿನವರು, ಮದುವೆ ಹಾಲಿನವರು, ದೇವಸ್ಥಾನದ ಸಮಿತಿಯವರು. ಅವರ ತಲೆಯಲ್ಲಿ ಇರುದು ನಿಮ್ಮ ಧ್ಯೇಯ ಅಲ್ಲ, ಸಾವಿರ ಜನ ಕೂತಾಗ ಸಾರು ಸೋರಿದ್ರೆ ಎಂತ ಮಾಡುದು, ಕಟ್ಟು ಬಿಚ್ಚಿದಾಗ ಬೂಸ್ಟು ವಾಸನೆ ಬಂದ್ರೆ ಎಂತ ಮಾಡುದು, ಜಾತ್ರೆಯ ಹಿಂದಿನ ದಿನವೂ ಮಾಲು ಬಾರದಿದ್ರೆ ಎಂತ ಮಾಡುದು ಅಂತ. ಈ ಹೆದರಿಕೆಗೆ ಉತ್ತರ ಕೊಟ್ರೆ ಅವರು ಫೋನ್ ಮಾಡ್ತಾರೆ.

ಸೋರುವ ವಿಷಯಕ್ಕೆ ನಾವು ಟೆಸ್ಟ್ ಮಾಡಿಯೇ ಬರೆದದ್ದು. ಬೇರೆ ಬೇರೆ ಕಟ್ಟಿನ ನಡುವಿನಿಂದ 20 ತಟ್ಟೆ ತೆಗ್ದೆವು, ಯಜಮಾನರು ಆರಿಸಿ ಕೊಟ್ಟದ್ದನ್ನು ತಗೊಳ್ಳಲಿಲ್ಲ. ಪ್ರತಿಯೊಂದರ ಅಡಿಗೂ ಹಳೇ ಪೇಪರ್ ಹಾಕಿ, ಕುದಿಯುವ ಸಾರು ಬಡಿಸಿ, ಅರ್ಧ ಗಂಟೆಗೊಮ್ಮೆ ಎತ್ತಿ ಪೇಪರ್ ಒದ್ದೆ ಆಗಿದೆಯಾ ಅಂತ ನೋಡಿದ್ದು. ಎರಡು ಗಂಟೆವರೆಗೆ ಎಲ್ಲ ಒಣ, ಅದರ ನಂತರ ಒಂದೆರಡರ ಅಡಿ ಸ್ವಲ್ಪ ಒದ್ದೆ ಕಂಡಿತು. ಯಜಮಾನರಿಗೆ "ನಾಲ್ಕು ಗಂಟೆ" ಅಂತ ಬರೀಬೇಕು ಅಂತ ಆಸೆ. ನಾನು ಒಂದೂವರೆ ಗಂಟೆ ಅಂತ ಬರೆದೆ, ಯಾಕಂದ್ರೆ ಒಂದು ಪಂಕ್ತಿ ಊಟ ಅಷ್ಟರೊಳಗೆ ಮುಗೀತದೆ, ಗಿರಾಕಿಗೆ ಅದಕ್ಕಿಂತ ಜಾಸ್ತಿ ಬೇಡ, ನಮಗೂ ಕೈಯಲ್ಲಿ ಅರ್ಧ ಗಂಟೆ ಉಳೀತದೆ. ನಿಮ್ಮ ತಟ್ಟೆಗೆ ನೀವೇ ಮಾಡಿ ನೋಡಿ, ದಪ್ಪದ ಮೇಲೆ ಲೆಕ್ಕ ಬದಲಾಗ್ತದೆ.

ಕೊನೆಗೆ ಪ್ಯಾರಾ ಹೀಗೆ ಬಂತು:

"ಬಿಸಿ ಸಾರು ಬಡಿಸಿ ಒಂದೂವರೆ ಗಂಟೆ ಇಟ್ಟರೂ ಸೋರದ ಹಾಳೆ ತಟ್ಟೆ. ಬಿದ್ದ ಅಡಿಕೆ ಹಾಳೆಯನ್ನು ನೀರಿನಲ್ಲಿ ತೊಳೆದು ಬಿಸಿ ಅಚ್ಚಿನಲ್ಲಿ ಒತ್ತಿ ಮಾಡುತ್ತೇವೆ. ಬಣ್ಣ, ಅಂಟು, ಮೇಣ ಇಲ್ಲ. ಪ್ರತಿ ತಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಿ, ತೂತು ಅಥವಾ ಬೂಸ್ಟು ಇದ್ದದ್ದನ್ನು ತೆಗೆದ ಮೇಲೆಯೇ ಕಟ್ಟು ಕಟ್ಟುವುದು. ಬಿಳಿ ಮಾಡುವ ಮದ್ದು ಹಾಕದ ಕಾರಣ ಒಂದರ ಬಣ್ಣದ ಹಾಗೆ ಇನ್ನೊಂದರದ್ದು ಇರುವುದಿಲ್ಲ. ಮಂಜೇಶ್ವರದಿಂದ ಕಾಞಂಗಾಡಿನವರೆಗೆ ನಾವೇ ತಲುಪಿಸುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಆರ್ಡರ್ ಇದ್ದರೆ 15 ದಿನ ಮೊದಲು ತಿಳಿಸಿ."

ಇದ್ರಲ್ಲಿ ಬಣ್ಣದ ಸಾಲು ಮತ್ತು ಮಳೆಗಾಲದ ಸಾಲು ಹಾಕುದು ಬೇಡ, ನಮ್ಮ ಕೊರತೆ ನಾವೇ ಹೇಳಿದ ಹಾಗಾಗ್ತದೆ ಅಂತ ಯಜಮಾನರು ಹಟ ಹಿಡಿದ್ರು. ಆದ್ರೆ ಅವರಿಗೆ ಬರ್ತಿದ್ದ ಕಂಪ್ಲೇಂಟ್‌ನಲ್ಲಿ ಜಾಸ್ತಿ "ಬಣ್ಣ ಒಂದೇ ಥರ ಇಲ್ಲ" ಅಂತಲೇ ಇದ್ದದ್ದು. ಮಾಲು ಬಂದ ಮೇಲೆ ಹೇಳಿದ್ರೆ ಅದು ನೆಪ ಆಗ್ತದೆ, ಮೊದಲೇ ಹೇಳಿದ್ರೆ ತಟ್ಟೆಗೆ ಎಂತದೂ ಬಳಿದಿಲ್ಲ ಅನ್ನುದಕ್ಕೆ ಸಾಕ್ಷಿ ಆಗ್ತದೆ. ಮಳೆಗಾಲದ ಸಾಲು ಅಂತೂ ಸಮಿತಿಯವರಿಗೆ ಧೈರ್ಯ ಕೊಡುವ ಸಾಲು, ಇವರಿಗೆ ನಿಜ ಸ್ಥಿತಿ ಗೊತ್ತುಂಟು ಅಂತ ಅದರಲ್ಲೇ ಗೊತ್ತಾಗ್ತದೆ.

ಮಾವ ಒಪ್ಪದಿದ್ರೆ ವಾದ ಮಾಡ್ಬೇಡಿ, ಎರಡೂ ಕಾಪಿ ತಗೊಂಡು ನಿಮ್ಮಿಂದ ಇದುವರೆಗೆ ಮಾಲು ತಗೊಳ್ಳದ ಒಬ್ರು ಕಂಟ್ರಾಕ್ಟಿನವರ ಹತ್ರ ಹೋಗಿ. ಓದಿದ ಮೇಲೆ ಕಾಗದ ವಾಪಸ್ ತಗೊಂಡು "ಎಂತ ನೆನಪುಂಟು ಹೇಳಿ" ಅಂತ ಕೇಳಿ. ಯಾವುದು ಚಂದ ಅಂತ ಕೇಳ್ಬೇಡಿ, ಮರ್ಯಾದೆಗೆ ಎರಡೂ ಚಂದ ಅಂತಾರೆ. ನಾವು ಕೇಳಿದವರಿಗೆ ಹಳೇದರಲ್ಲಿ "ಹಾಳೆ ತಟ್ಟೆ ಮಾಡ್ತಾರೆ" ಅಂತ ಒಂದೇ ನೆನಪಿದ್ದದ್ದು. ಹೊಸದರಲ್ಲಿ ಒಂದೂವರೆ ಗಂಟೆ, ಹದಿನೈದು ದಿನ, ಬೆಳಕಿಗೆ ಹಿಡಿದು ನೋಡುದು, ಮೂರೂ ಹೇಳಿದ್ರು. ಹೇಳಿ ಮುಗಿಸಿ "ಪಾಯಸಕ್ಕೆ ಬಟ್ಟಲು ಉಂಟಾ, ಎಷ್ಟು ಇಂಚಿಂದು?" ಅಂತ ಅವರೇ ಕೇಳಿದ್ರು, ಯಜಮಾನರು ಅಲ್ಲೇ ಸುಮ್ಮನಾದ್ರು. ಅಳತೆಯ ಪಟ್ಟಿ ಬ್ರೋಷರ್‌ನಲ್ಲಿ ಇರ್ಲೇ ಇಲ್ಲ ಅಂತ ನಮಗೆ ಗೊತ್ತಾದದ್ದು ಆಗ. ಅದನ್ನು ಎರಡನೇ ಪುಟಕ್ಕೆ ಸೇರಿಸಿದೆವು, ಯಾವ ಅಳತೆ ಯಾವುದಕ್ಕೆ ಅಂತ, ಕೆಳಗೆ "ನಾಲ್ಕು ತಟ್ಟೆ ಮಾದರಿಗೆ ಉಚಿತ, ಫೋನ್ ಮಾಡಿ" ಅಂತ ಒಂದು ಸಾಲು. ರೇಟ್ ಮಾತ್ರ ಅಚ್ಚು ಹಾಕಿಸ್ಬೇಡಿ, ಬೇರೆ ಚೀಟಿಯಲ್ಲಿ ತಾರೀಕು ಹಾಕಿ ಒಳಗೆ ಇಡಿ, ಹಾಳೆಯ ಬೆಲೆ ವರ್ಷವಿಡೀ ಒಂದೇ ಥರ ಇರುದಿಲ್ಲ ಅಲ್ವಾ.