ಓದುಗರ ಪ್ರಶ್ನೆ: ಬ್ಯಾಂಕಿಗೆ ಹೋಗಬೇಕೋ, ಬ್ಯಾಂಕ್‌ಗೆ ಹೋಗಬೇಕೋ?

ಪ್ರಶ್ನೆ: ನಮ್ಮ ಸಂಘದ ಸ್ಮರಣ ಸಂಚಿಕೆಯ ಕರಡು ತಿದ್ದುತ್ತಿದ್ದೇನೆ. ಒಬ್ಬರು ‘ಬ್ಯಾಂಕಿಗೆ’ ಅಂತ ಬರೆದಿದ್ದಾರೆ, ಇನ್ನೊಬ್ಬರು ‘ಬ್ಯಾಂಕ್‌ಗೆ’, ಮತ್ತೊಬ್ಬರು ‘ಬ್ಯಾಂಕ್ ಗೆ’. ಹಳೆಯ ಲೇಖನಗಳಲ್ಲಿ ‘ಬಸ್ಗಳು’ ಅಂತ ಒತ್ತಕ್ಷರವೇ ಬಂದುಬಿಟ್ಟಿದೆ. ಯಾವುದು ಸರಿ? ಇಡೀ ಸಂಚಿಕೆಯನ್ನು ಪರೀಕ್ಷಿಸುವುದು ಹೇಗೆ?

ಮೊದಲೆರಡು ಸರಿ. ಕೊನೆಯ ಎರಡು ತಪ್ಪು. ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ಪ್ರತಿ ಸಲವೂ ಜೊತೆಗೆ ಯಾರೋ ಕಳಿಸಿದ ‘ಶುದ್ಧ ರೂಪಗಳ ಪಟ್ಟಿ’ ಇರುತ್ತದೆ. ಇಂಗ್ಲಿಷ್ ಪದವನ್ನು ಹಾಗೇ ಇಟ್ಟು ಪ್ರತ್ಯಯ ಅಂಟಿಸುವುದೊಂದೇ ಶುದ್ಧ, ‘ಬಸ್ಸು’ ‘ಕಾರು’ ಎಲ್ಲ ಹಳ್ಳಿ ಮಾತು ಎಂದು ಆ ಪಟ್ಟಿಗಳು ಹೇಳುತ್ತವೆ. ದಯವಿಟ್ಟು ಅವನ್ನು ನಂಬಬೇಡಿ. ‘ಬಸ್ಸು’ ಕನ್ನಡದ ನಿಯಮದಂತೆಯೇ ಹುಟ್ಟಿದ ರೂಪ.

ನಿಯಮ ಇಷ್ಟು. ಹಳಗನ್ನಡದಲ್ಲಿ ಎಷ್ಟೋ ಪದಗಳು ವ್ಯಂಜನದಲ್ಲಿ ಮುಗಿಯುತ್ತಿದ್ದವು: ಕಲ್, ಕಣ್, ಬೆನ್, ಊರ್, ಕಾಲ್. ಮುಂದೆ ಅವಕ್ಕೆ ಕೊನೆಯಲ್ಲಿ ಉಕಾರ ಸೇರಿತು. ಒಂದೇ ಹ್ರಸ್ವ ಸ್ವರ ಇದ್ದ ಕಡೆ ಕೊನೆಯ ವ್ಯಂಜನ ಇಮ್ಮಡಿಯಾಯಿತು: ಕಲ್ಲು, ಕಣ್ಣು, ಬೆನ್ನು. ದೀರ್ಘ ಸ್ವರ ಇದ್ದ ಕಡೆ ಒಂಟಿಯಾಗಿಯೇ ಉಳಿಯಿತು: ಊರು, ಕಾಲು. ಈಗ ಇಂಗ್ಲಿಷ್ ಪದಗಳನ್ನು ನೋಡಿ. ಬಸ್ಸು, ಪೆನ್ನು, ಕಪ್ಪು ಒಂದು ಕಡೆ. ಕಾರು, ಫೋನು, ರೋಡು ಇನ್ನೊಂದು ಕಡೆ. ಕೊನೆಯಲ್ಲಿ ಮೊದಲೇ ಎರಡು ವ್ಯಂಜನ ಇದ್ದರೆ ಇಮ್ಮಡಿ ಬೇಕಿಲ್ಲ: ಬ್ಯಾಂಕು, ಬಲ್ಬು. ಯಾರೂ ಹೇಳಿಕೊಡದಿದ್ದರೂ ನಾವೆಲ್ಲ ಹೀಗೇ ಮಾತಾಡುತ್ತೇವೆ, ಅಲ್ವಾ? ವಿಭಕ್ತಿಯೂ ಅದೇ ದಾರಿ ಹಿಡಿಯುತ್ತದೆ. ಕಲ್ಲಿನಲ್ಲಿ ಎಂದಂತೆ ಬಸ್ಸಿನಲ್ಲಿ, ಊರಿಗೆ ಎಂದಂತೆ ಕಾರಿಗೆ.

ಹಾಗಾದರೆ ‘ಬ್ಯಾಂಕ್‌ಗೆ’ ಯಾಕೆ ಸರಿ? ಕೆಲವು ಕಡೆ ಮೂಲ ಪದದ ರೂಪ ಕೆಡದೆ ಕಾಣಬೇಕಾಗುತ್ತದೆ. ಸಂಸ್ಥೆಯ ಹೆಸರು, ಆ್ಯಪಿನ ಹೆಸರು, ಇನ್ನೂ ಬಾಯಿಗೆ ಹೊಂದದ ಹೊಸ ಪದ, ಇಂಥ ಕಡೆ ಪದವನ್ನು ಅರ್ಧಾಕ್ಷರದಲ್ಲೇ ನಿಲ್ಲಿಸಿ ಪ್ರತ್ಯಯ ಸೇರಿಸುತ್ತಾರೆ. ಎರಡೂ ಕನ್ನಡವೇ. ಒಂದೇ ಪುಸ್ತಕದಲ್ಲಿ ಒಂದೇ ಪದಕ್ಕೆ ಎರಡನ್ನೂ ಬಳಸುವುದು ಮಾತ್ರ ಅಜಾಗರೂಕತೆ.

ನಿಮ್ಮ ಒತ್ತಕ್ಷರದ ಸಮಸ್ಯೆ ಶುರುವಾಗುವುದೇ ಇಲ್ಲಿ. ಯೂನಿಕೋಡಿನಲ್ಲಿ ಅರ್ಧಾಕ್ಷರದ ಮುಂದೆ ಇನ್ನೊಂದು ವ್ಯಂಜನ ಬಂದರೆ ಅದು ತಾನಾಗಿ ಒತ್ತಾಗುತ್ತದೆ. ಒತ್ತಾಗಬಾರದು ಎಂದರೆ ಎರಡರ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರಬೇಕು. ಅದರ ಹೆಸರು ಜೀರೊ ವಿಡ್ತ್ ನಾನ್ ಜಾಯ್ನರ್, ಸಂಖ್ಯೆ `U+200C`. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ‘ಸ್’ ಎಂಬ ಆಕಾರವೇ ಬೇರೆಯಾಗಿ ಇರುತ್ತಿತ್ತು, ಆದ್ದರಿಂದ ಈ ಗುರುತು ಬೇಕಿರಲಿಲ್ಲ. ಆ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವಾಗ ಕನ್ವರ್ಟರ್ ಅದನ್ನು ಹಾಕದಿದ್ದರೆ ‘ಬಸ್‌ಗಳು’ ಹೋಗಿ ‘ಬಸ್ಗಳು’ ಆಗುತ್ತದೆ. ನಿಮ್ಮ ಹಳೆಯ ಲೇಖನಗಳಿಗೂ ಬಹುಪಾಲು ಇದೇ ಆಗಿರಬೇಕು. ‘ಬ್ಯಾಂಕ್ ಗೆ’ ಎಂದು ಜಾಗ ಬಿಡುವವರು ಒತ್ತು ತಪ್ಪಿಸಲು ಹಾಗೆ ಮಾಡುತ್ತಾರೆ. ಆದರೆ ‘ಗೆ’ ಎಂಬುದು ಪದವಲ್ಲ. ಸಾಲು ಮುರಿದಾಗ ಅದೊಂದೇ ಮುಂದಿನ ಸಾಲಿನ ತಲೆಗೆ ಬಂದು ಕೂರುತ್ತದೆ. ವರ್ಡ್‌ನಲ್ಲೂ ಲಿಬ್ರೆಆಫೀಸ್‌ನಲ್ಲೂ `200C` ಎಂದು ಟೈಪ್ ಮಾಡಿ `Alt+X` ಒತ್ತಿದರೆ ಆ ಗುರುತು ಬರುತ್ತದೆ. ಅದನ್ನೇ ಬಳಸಿ.

ಒಂದು ತುಣುಕನ್ನು ತಿದ್ದಿ ತೋರಿಸುತ್ತೇನೆ.

“ಅಧ್ಯಕ್ಷರು ಕಾರ್ನಲ್ಲಿ, ಸದಸ್ಯರು ಬಸ್ಗಳಲ್ಲಿ ಬಂದರು. ಬ್ಯಾಂಕ್ ನಿಂದ ತಂದ ಚೆಕ್ಅನ್ನು ಟ್ರಸ್ಟ್ಗೆ ಕೊಟ್ಟೆವು. ಫೋಟೊ ಫೇಸ್ಬುಕ್ನಲ್ಲಿದೆ.”

‘ಕಾರ್ನಲ್ಲಿ’ ಎಂಬಲ್ಲಿ ರಕಾರ ಅರ್ಕಾವೊತ್ತಾಗಿ ನಕಾರದ ಮಗ್ಗುಲಿಗೆ ಹೋಗಿದೆ. ಅದು ಕಾರಿನಲ್ಲಿ. ಬಸ್ಗಳಲ್ಲಿ ಅಲ್ಲ, ಬಸ್ಸುಗಳಲ್ಲಿ. ಬ್ಯಾಂಕ್ ನಿಂದ ಅಲ್ಲ, ಬ್ಯಾಂಕಿನಿಂದ. ‘ಅನ್ನು’ ಸ್ವರದಿಂದ ಶುರುವಾಗುವ ಪ್ರತ್ಯಯ, ಅದು ನೇರವಾಗಿ ವ್ಯಂಜನಕ್ಕೆ ಕೂಡುತ್ತದೆ: ಚೆಕ್ಕನ್ನು. ಈಗ ಟ್ರಸ್ಟ್. ನಿಯಮದಂತೆ ‘ಟ್ರಸ್ಟಿಗೆ’ ಆಗಬೇಕು. ಆದರೆ ಅದನ್ನು ಓದಿದವರಿಗೆ ಚೆಕ್ಕು ಸಂಸ್ಥೆಗೆ ಹೋಯಿತೋ, ಟ್ರಸ್ಟಿ ಎಂಬ ವ್ಯಕ್ತಿಯ ಕೈಗೆ ಹೋಯಿತೋ ಗೊತ್ತಾಗುವುದಿಲ್ಲ. ಲೆಕ್ಕಪತ್ರದ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ. ಇಲ್ಲಿ ‘ಟ್ರಸ್ಟ್‌ಗೆ’ ಎಂದೇ ಬರೆಯಬೇಕು. ‘ಪಾರ್ಟ್’ ಮತ್ತು ‘ಪಾರ್ಟಿ’ಗೂ ಇದೇ ಎಚ್ಚರ ಬೇಕು. ಇಕಾರ ಸೇರಿಸಿದಾಗ ಇನ್ನೊಂದು ಪದ ಹುಟ್ಟುತ್ತದೆಯೇ ಎಂದು ಪ್ರತಿ ಸಲ ನೋಡಿಕೊಳ್ಳಿ. ಕೊನೆಯದು ಕಂಪನಿಯ ಹೆಸರು, ಹಾಗಾಗಿ ‘ಫೇಸ್‌ಬುಕ್‌ನಲ್ಲಿದೆ’. ಗುರುತು ಎರಡು ಕಡೆ ಬೇಕು, ಹೆಸರಿನ ನಡುವೆ ಒಂದು, ಪ್ರತ್ಯಯದ ಮುಂಚೆ ಒಂದು.

ಇನ್ನು ಇಡೀ ಸಂಚಿಕೆಯ ಪರೀಕ್ಷೆ. ಲಿಬ್ರೆಆಫೀಸ್‌ನ ಹುಡುಕುವ ಕಿಟಕಿಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆಯ್ಕೆ ಹಾಕಿಕೊಂಡು ಇದನ್ನು ಹುಡುಕಿ:

```
\u0CCD(ಗೆ|ಗಳ|ನಲ್ಲಿ|ನಿಂದ)
```

ಪ್ರತ್ಯಯ ಒತ್ತಾಗಿ ಅಂಟಿಕೊಂಡ ಜಾಗಗಳು ಒಂದೊಂದಾಗಿ ಸಿಗುತ್ತವೆ. ಒಂದೊಂದಾಗಿಯೇ ತಿದ್ದಿ. ‘ರಿಪ್ಲೇಸ್ ಆಲ್’ ಒತ್ತಬೇಡಿ, ಯಾರು ಹೇಳಿದರೂ ಒತ್ತಬೇಡಿ. ಹಾಗೆ ಮಾಡಿದರೆ ‘ಬಗ್ಗೆ’ ಹೋಗಿ ‘ಬಗ್‌ಗೆ’ ಆಗುತ್ತದೆ, ‘ನುಗ್ಗೆ’ ‘ನುಗ್‌ಗೆ’ ಆಗುತ್ತದೆ, ‘ದುರ್ಗೆ’ಯೂ ಮುರಿಯುತ್ತಾಳೆ. ಒಂದೇ ಕ್ಲಿಕ್ಕಿನಲ್ಲಿ ಕಾಗುಣಿತ ಸರಿ ಮಾಡಿಕೊಡುತ್ತೇವೆ ಎಂದು ದುಡ್ಡು ಕೇಳುವವರು ಮಾಡುವುದೂ ಇಂಥದ್ದನ್ನೇ. ಅಂಥವರಿಂದ ತಿದ್ದಿಸಿಕೊಂಡು ಬಂದ ಪುಸ್ತಕಗಳನ್ನು ಮತ್ತೆ ಸರಿ ಮಾಡುವುದು ಹೊಸದಾಗಿ ತಿದ್ದುವುದಕ್ಕಿಂತ ಜಾಸ್ತಿ ಕೆಲಸ.

ಎರಡನೆಯ ಪರೀಕ್ಷೆ ಕಣ್ಣಿಗೆ ಕಾಣದ ತಪ್ಪುಗಳಿಗೆ. ‘ವಾಟ್ಸ್‌ಆ್ಯಪ್’ ಪದವನ್ನು ತೆಗೆದುಕೊಳ್ಳಿ. ‘ಆ’ ಹೇಗೂ ಒತ್ತಾಗುವುದಿಲ್ಲ. ಹಾಗಾಗಿ ನಡುವೆ ಗುರುತು ಇದ್ದರೂ ಇಲ್ಲದಿದ್ದರೂ ಪದ ಒಂದೇ ಥರ ಕಾಣುತ್ತದೆ. ‘ಬಸ್’ ಪದದ ಕೊನೆಯಲ್ಲಿ ಸುಮ್ನೆ ಒಂದು ಗುರುತು ಉಳಿದಿದ್ದರೂ ಅಷ್ಟೇ. ಆದರೆ ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೇ ಹೋಗಬಹುದು, ಪದಸೂಚಿಯಲ್ಲಿ ಒಂದೇ ಪದ ಎರಡು ಸಲ ಬರಬಹುದು. ಪೈಥಾನ್ ಗೊತ್ತಿರುವ ಹುಡುಗರು ಸಂಘದಲ್ಲಿ ಇದ್ದೇ ಇರುತ್ತಾರೆ. ಕಡತವನ್ನು ಬರಿಯ ಪಠ್ಯವಾಗಿ ಉಳಿಸಿ ಅವರ ಕೈಗೆ ಇದನ್ನು ಕೊಡಿ:

```python
import re
from collections import defaultdict, Counter
t = open("lekha.txt", encoding="utf-8").read()
d = defaultdict(Counter)
for w in re.findall(r"[\u0C80-\u0CFF\u200C\u200D]+", t):
    d[w.replace("\u200C", "")][w.replace("\u200C", "|")] += 1
for c in d.values():
    if len(c) > 1:
        print(dict(c))
```

ಒಂದೇ ಪದ ಗುರುತು ಇದ್ದೂ ಇಲ್ಲದೆಯೂ ಎರಡು ರೂಪದಲ್ಲಿ ಬಂದಿದ್ದರೆ ಅದು ಇಲ್ಲಿ ಸಿಗುತ್ತದೆ, ಯಾವ ರೂಪ ಎಷ್ಟು ಸಲ ಬಂದಿದೆ ಎಂಬುದೂ ಸಿಗುತ್ತದೆ. ಗುರುತಿನ ಜಾಗದಲ್ಲಿ ಅಡ್ಡಗೆರೆ `|` ಕಾಣಿಸುತ್ತದೆ. ಆದರೆ ‘ಬ್ಯಾಂಕಿಗೆ’ ಮತ್ತು ‘ಬ್ಯಾಂಕ್‌ಗೆ’ ಬೆರೆತಿದ್ದರೆ ಇದು ಹಿಡಿಯುವುದಿಲ್ಲ, ಏಕೆಂದರೆ ಅಲ್ಲಿ ಅಕ್ಷರಗಳೇ ಬೇರೆ. ಅದಕ್ಕೆ ನೀವೇ ಒಂದು ಹಾಳೆಯಲ್ಲಿ ಪದಗಳ ಪಟ್ಟಿ ಮಾಡಿಕೊಂಡು ‘ಬ್ಯಾಂಕ್’, ‘ಬ್ಯಾಂಕಿ’, ‘ಟ್ರಸ್ಟ್’, ‘ಟ್ರಸ್ಟಿ’ ಎಂದು ಎರಡೂ ರೂಪಗಳನ್ನು ಹುಡುಕುತ್ತಾ ಹೋಗಬೇಕು. ಮುದ್ರಕರು ಹಳೆಯ ಫಾಂಟಿನಲ್ಲೇ ಪುಟ ಕಟ್ಟುವವರಾದರೆ ಈ ಗುರುತುಗಳು ದಾರಿಯಲ್ಲಿ ಉದುರಿಹೋಗಬಹುದು. ಪುಟ ಕಟ್ಟಿದ ಮೇಲೆ ಕಾಗದದ ಮೇಲಿನ ಪ್ರೂಫನ್ನು ಓದದೆ ಅಚ್ಚಿಗೆ ಒಪ್ಪಿಗೆ ಕೊಡಬೇಡಿ.

ಪ್ರಶ್ನೆ: ಸ್ಪೆಲ್ ಚೆಕ್ ಹಾಕಿದರೆ ‘ಬಸ್ಸಿನಿಂದಲೇ’ ಅಡಿಯಲ್ಲಿ ಕೆಂಪು ಗೆರೆ ಬರುತ್ತದೆ. ತಪ್ಪಾ?

ಸರಿಯಾಗಿಯೇ ಇದೆ. ಕನ್ನಡದ ಒಂದು ನಾಮಪದಕ್ಕೆ ಪ್ರತ್ಯಯಗಳು ಸೇರಿ ಸೇರಿ ಲೆಕ್ಕವಿಲ್ಲದಷ್ಟು ರೂಪಗಳಾಗುತ್ತವೆ, ಅಷ್ಟೂ ಪದಪಟ್ಟಿಯಲ್ಲಿ ಇರಲು ಸಾಧ್ಯವಿಲ್ಲ. ಕೆಂಪು ಗೆರೆ ಬಂದರೆ ಒಮ್ಮೆ ನೋಡಿ, ಅದನ್ನು ಕಂಡು ಪದ ಬದಲಾಯಿಸಬೇಡಿ.

ಪ್ರಶ್ನೆ: ಸ್ಟೇಷನ್ ಅಥವಾ ಸ್ಟೇಶನ್?

ಎರಡೂ ನಡೆಯುತ್ತವೆ. ಒಂದನ್ನು ಹಿಡಿದು ಕೊನೆಯವರೆಗೂ ಬಿಡಬೇಡಿ.

ಪ್ರಶ್ನೆ: ಹಿಂದಿಯಿಂದ ಲಿಪಿ ಬದಲಾಯಿಸಿದ ಫಾರಂನಲ್ಲಿ ‘ಬ್ಲಡ್ ಟೇಸ್ಟ್’ ಅಂತ ಇದೆ. ಯಾಕೆ ಹೀಗೆ?

ನಾಗರಿಯಲ್ಲಿ ಬರೆಯುವ ಹಿಂದಿಗೆ ಎ ಮತ್ತು ಏ ಎರಡಕ್ಕೂ ಒಂದೇ ಮಾತ್ರೆ. ಯಂತ್ರ ಅದನ್ನು ಕನ್ನಡದ ದೀರ್ಘಕ್ಕೆ ಕೂರಿಸುತ್ತದೆ. ಹೀಗೆ ಟೆಸ್ಟ್ ಹೋಗಿ ಟೇಸ್ಟ್, ಸೆಲ್ ಹೋಗಿ ಸೇಲ್, ವೆಸ್ಟ್ ಹೋಗಿ ವೇಸ್ಟ್ ಆಗುತ್ತದೆ. ಎರಡೂ ನಿಜವಾದ ಪದಗಳೇ ಆದ್ದರಿಂದ ಪದಪಟ್ಟಿಗೆ ಈ ತಪ್ಪು ಸಿಗುವುದೇ ಇಲ್ಲ. ಹಿಂದಿಯಿಂದ ಬಂದ ಕಡತದಲ್ಲಿ ಏತ್ವ, ಓತ್ವ ಇರುವ ಪ್ರತಿ ಇಂಗ್ಲಿಷ್ ಪದವನ್ನೂ ಬಾಯಿಬಿಟ್ಟು ಓದಿ ನೋಡಬೇಕು. ಆಸ್ಪತ್ರೆಯ ಫಾರಂ ಆದರೆ ಇನ್ನೊಬ್ಬರಿಂದಲೂ ಓದಿಸಿ.

ಪ್ರಶ್ನೆ: ‘ಫ’ ಅಡಿಯಲ್ಲಿ ಚುಕ್ಕೆ ಇಡಲೇಬೇಕಾ?

ಬೇಡ. ಕಾಫಿ, ಫೋನು ಓದಲು ಯಾರಿಗೂ ಚುಕ್ಕೆ ಬೇಕಾಗಿಲ್ಲ. ಇಟ್ಟರೆ ಹುಡುಕಾಟ ಕೆಡುತ್ತದೆ.

ಪ್ರಶ್ನೆ: ಇವಕ್ಕೆಲ್ಲ ಕನ್ನಡ ಪದಗಳನ್ನೇ ಬಳಸಬಹುದಲ್ಲ?

ಬಳಸಿ. ಬರೆದವರು ‘ಬಸ್ಸು’ ಎಂದಿದ್ದರೆ ಮಾತ್ರ ಕರಡು ತಿದ್ದುವವರು ಅದನ್ನು ಬದಲಾಯಿಸುವ ಹಾಗಿಲ್ಲ.