ಕಾಣದ ಕೆಲಸವನ್ನು ಬರೆದು ಕಾಣಿಸಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಬೆಳಗಾವಿಯ ಮನೆಯಿಂದಲೇ ಕೆಲಸ ಮಾಡುತ್ತೇನೆ. ತಿಂಗಳಿಗೆ ಎರಡು ದಿನ ಆಫೀಸಿಗೆ ಹೋಗಿ ಬರುತ್ತೇನೆ. ಬ್ಯಾಂಕುಗಳ ಲೆಕ್ಕವನ್ನು ರಾತ್ರಿ ತಾಳೆ ನೋಡುವ ನಮ್ಮ ಪ್ರೋಗ್ರಾಮ್ ಪದೇಪದೇ ನಿಂತುಹೋಗುತ್ತಿತ್ತು. ನಾನು ಸರಿಪಡಿಸಿದ ಮೇಲೆ ಒಮ್ಮೆಯೂ ನಿಂತಿಲ್ಲ. ಆದರೂ ಈ ಸಲದ ಅಪ್ರೈಸಲ್‌ನಲ್ಲಿ ನನಗೆ ಸಾಧಾರಣ ರೇಟಿಂಗ್ ಸಿಕ್ಕಿತು, ಆಫೀಸಿನಲ್ಲೇ ಕೂರುವ ಸಹೋದ್ಯೋಗಿಗೆ ಬಡ್ತಿ ಸಿಕ್ಕಿತು. ಮುಖ ತೋರಿಸದವರನ್ನು ಯಾರೂ ಕೇಳುವುದಿಲ್ಲ, ಬೆಂಗಳೂರಿನಲ್ಲಿ ಮನೆ ಮಾಡು ಎನ್ನುತ್ತಾರೆ ನಮ್ಮ ಅಣ್ಣ. ಮಾಡಿದ್ದನ್ನು ನಾವೇ ಹೇಳಿಕೊಳ್ಳುವುದು ಬಡಾಯಿ ಎಂದು ನನಗೆ ಅನ್ನಿಸುತ್ತದೆ. ಏನು ಮಾಡಲಿ?

— ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಸಹೋದರಿ,

ನಿಮ್ಮ ಅಣ್ಣನವರ ಮಾತಿಗೆ ಆಧಾರವಿದೆ, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಶಾಂಘೈ ಕಾಲ್ ಸೆಂಟರಿನಲ್ಲಿ 2010ರ ಕೊನೆಯಿಂದ ಒಂಬತ್ತು ತಿಂಗಳ ಕಾಲ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಅವರ ಸಂಗಡಿಗರು ಒಂದು ಪ್ರಯೋಗ ನಡೆಸಿದರು. ವಾರದಲ್ಲಿ ನಾಲ್ಕು ದಿನ ಮನೆಯಿಂದ ದುಡಿದವರ ಕೆಲಸ ಶೇ. 13ರಷ್ಟು ಹೆಚ್ಚಿತು, ಆದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿದ ಆಫೀಸಿನವರೊಂದಿಗೆ ಹೋಲಿಸಿದಾಗ ಅವರಿಗೆ ಬಡ್ತಿ ಸಿಗುವ ಸಂಭವ ಸುಮಾರು ಅರ್ಧಕ್ಕೆ ಇಳಿದಿತ್ತು. ಅದೇ ಕಂಪನಿಯಲ್ಲಿ ಮುಂದೆ ನಡೆದ, ಫಲಿತಾಂಶ 2024ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ವಾರಕ್ಕೆ ಎರಡೇ ದಿನ ಮನೆಯಿಂದ ಕೆಲಸ ಮಾಡಿದವರ ಬಡ್ತಿಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ವಾರದ ಹೆಚ್ಚಿನ ದಿನ ಆಫೀಸಿನಲ್ಲಿರುವವರಿಗೆ ಹಾನಿಯಿಲ್ಲ, ಅಪರೂಪಕ್ಕೆ ಕಾಣಿಸಿಕೊಳ್ಳುವವರಿಗೆ ಹಾನಿಯಿದೆ ಎಂದು ಇದರಿಂದ ತಿಳಿಯಬಹುದು. ನೀವು ಎರಡನೆಯ ಗುಂಪಿನವರು.

ಆದರೆ ಮೊದಲಿನ ಪ್ರಯೋಗವನ್ನು ಇನ್ನೊಮ್ಮೆ ನೋಡಿ. ಕಾಲ್ ಸೆಂಟರಿನಲ್ಲಿ ಯಾರು ಎಷ್ಟು ಕರೆ ತೆಗೆದುಕೊಂಡರು ಎಂಬುದು ಕಂಪ್ಯೂಟರಿನಲ್ಲಿ ದಾಖಲಾಗುತ್ತಲೇ ಇರುತ್ತದೆ. ಅಂಥ ಜಾಗದಲ್ಲಿಯೂ ಕಣ್ಣಿಗೆ ಬೀಳದವರು ಹಿಂದುಳಿದರು ಎಂದರೆ, ಅಂಕಿ ಎಲ್ಲೋ ದಾಖಲಾಗಿರುವುದು ಮಾತ್ರ ಸಾಲದು, ಬಡ್ತಿ ನಿರ್ಧಾರವಾಗುವ ಕೋಣೆಯಲ್ಲಿ ಅದನ್ನು ಒಬ್ಬರು ಬಾಯಿಬಿಟ್ಟು ಹೇಳಬೇಕು ಎಂದೇ ನಾನು ಅರ್ಥ ಮಾಡಿಕೊಂಡಿದ್ದೇನೆ. ನಿಮ್ಮ ಅಣ್ಣನವರು ನಿಮ್ಮನ್ನು ಆ ಊರಿಗೆ ಕಳುಹಿಸಬೇಕೆನ್ನುತ್ತಾರೆ. ನಿಮ್ಮ ಕೆಲಸದ ವಿವರ ಆ ಕೋಣೆಗೆ ಹೋಗಬೇಕೆನ್ನುವುದು ನನ್ನ ಪಕ್ಷ, ಮತ್ತು ಬರವಣಿಗೆಯಿಂದ ಅದು ಸಾಧ್ಯ ಎಂಬುದು ನನ್ನ ಹಳೆಯ ನಂಬಿಕೆ.

ಆ ಕೋಣೆಯಲ್ಲಿ ನಡೆಯುವುದೇನು ಎಂಬುದು ನಿಮ್ಮಂಥ ಅನೇಕರಿಗೆ ತಿಳಿದಿರುವುದಿಲ್ಲ. ನೀವು ಮಾರ್ಚಿನಲ್ಲಿ ಸ್ವಯಂ ಮೌಲ್ಯಮಾಪನ ತುಂಬಿ ಕಳುಹಿಸುತ್ತೀರಿ, ನಿಮ್ಮ ಮ್ಯಾನೇಜರ್ ಒಂದು ರೇಟಿಂಗ್ ಸೂಚಿಸುತ್ತಾರೆ. ಅದು ಕೊನೆಯ ಮಾತಲ್ಲ. ನಾಲ್ಕಾರು ತಂಡಗಳ ಮ್ಯಾನೇಜರುಗಳು ಅವರ ಮೇಲಧಿಕಾರಿಯ ಎದುರು ಕುಳಿತು ಎಲ್ಲರ ರೇಟಿಂಗನ್ನು ಒಂದರೊಡನೊಂದು ಹೋಲಿಸಿ ಸರಿದೂಗಿಸುತ್ತಾರೆ. ಕೆಲವು ಕಂಪನಿಗಳಲ್ಲಿ ಇದನ್ನು ಕ್ಯಾಲಿಬ್ರೇಷನ್ ಎನ್ನುತ್ತಾರೆ, ಕೆಲವು ಕಡೆ ನಾರ್ಮಲೈಸೇಷನ್. ಮೇಲಿನ ದರ್ಜೆ ಇಂತಿಷ್ಟೇ ಜನಕ್ಕೆ ಎಂಬ ಮಿತಿ ಸಾಮಾನ್ಯವಾಗಿ ಇರುವುದರಿಂದ ಒಬ್ಬರನ್ನು ಏರಿಸಬೇಕಾದರೆ ಇನ್ನೊಬ್ಬರು ಇಳಿಯಬೇಕಾಗುತ್ತದೆ. ಒಂದೊಂದು ಹೆಸರಿಗೆ ಸಿಗುವುದು ಕೆಲವೇ ನಿಮಿಷ. ನಿಮ್ಮ ಹೆಸರು ಬಂದಾಗ ನಿಮ್ಮ ಮ್ಯಾನೇಜರ್ ನೆನಪಿನಿಂದ ಎರಡು ವಾಕ್ಯ ಹೇಳುತ್ತಾರೆ, ಆಗ ಬೇರೆ ತಂಡದ ಮ್ಯಾನೇಜರ್ ಒಬ್ಬರು ‘ಹೌದು, ಅವರಿಂದ ನಮ್ಮ ತಂಡಕ್ಕೂ ಅನುಕೂಲವಾಯಿತು’ ಎಂದರೆ ಆ ರೇಟಿಂಗ್ ನಿಲ್ಲುತ್ತದೆ. ‘ಒಳ್ಳೆಯ ಹುಡುಗಿ, ಚೆನ್ನಾಗಿ ಕೆಲಸ ಮಾಡುತ್ತಾಳೆ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ, ಏಕೆಂದರೆ ಎಲ್ಲರ ಬಗ್ಗೆಯೂ ಅದನ್ನೇ ಹೇಳಲಾಗುತ್ತದೆ. ಹಾಗಾಗಿ ಕಂಪನಿಯ ನೂರಾರು ಜನರಿಗೆ ನೀವು ಕಾಣಬೇಕಾದ ಅಗತ್ಯವಿಲ್ಲ. ನಿಮ್ಮ ಮ್ಯಾನೇಜರ್, ಅವರ ಮೇಲಿನವರು, ಮತ್ತು ನಿಮ್ಮ ಕೆಲಸವನ್ನು ನೆಚ್ಚಿಕೊಂಡಿರುವ ಒಂದೆರಡು ತಂಡಗಳ ಮುಖ್ಯಸ್ಥರು, ಇಷ್ಟು ಜನಕ್ಕೆ ಕಂಡರೆ ಸಾಕು.

ನಿಮ್ಮ ಪ್ರೋಗ್ರಾಮಿನ ಸಂಗತಿ ಇನ್ನೂ ಕಠಿಣವಾದದ್ದು. ಹೊಸದೊಂದನ್ನು ಕಟ್ಟಿದವರು ಅದನ್ನು ತೋರಿಸಬಲ್ಲರು, ತೊಂದರೆಯನ್ನು ತಡೆದವರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ರಾತ್ರಿ ಫೋನ್ ಬಾರದಿದ್ದರೆ ಫೋನ್ ಬರುತ್ತಿತ್ತು ಎಂಬುದನ್ನೇ ಜನ ಎರಡು ತಿಂಗಳಲ್ಲಿ ಮರೆಯುತ್ತಾರೆ. ಇಂಥ ಕೆಲಸವನ್ನು ಕೈಗೆತ್ತಿಕೊಳ್ಳುವ ಮೊದಲೇ ಹಿಂದಿನ ಸ್ಥಿತಿಯನ್ನು ಬರೆದಿಡಬೇಕು. ಈಗ ತಡವಾಗಿದ್ದರೂ ಪೂರ್ತಿ ಕೈತಪ್ಪಿಲ್ಲ. ಪ್ರೋಗ್ರಾಮ್ ತಾನಾಗಿ ದಾಖಲಿಸುವ ಲಾಗ್‌ಗಳನ್ನು ಬಹಳಷ್ಟು ಕಂಪನಿಗಳು ಕೆಲವು ವಾರ ಅಥವಾ ತಿಂಗಳುಗಳ ನಂತರ ಅಳಿಸಿಬಿಡುತ್ತವೆ, ಆದರೆ ದೂರು ದಾಖಲಾಗುವ ಟಿಕೆಟ್‌ಗಳು ಸಾಮಾನ್ಯವಾಗಿ ಉಳಿದಿರುತ್ತವೆ. ಈ ವಾರವೇ ಹಳೆಯ ಟಿಕೆಟ್‌ಗಳನ್ನು ತೆರೆದು ಪ್ರೋಗ್ರಾಮ್ ಯಾವ ಯಾವ ದಿನ ನಿಂತಿತ್ತು, ಯಾರನ್ನು ಎಬ್ಬಿಸಲಾಯಿತು, ಬ್ಯಾಂಕಿಗೆ ವರದಿ ಎಷ್ಟು ತಡವಾಯಿತು ಎಂಬುದನ್ನು ಎತ್ತಿ ಬರೆದುಕೊಳ್ಳಿ. ಆಮೇಲೆ ಮ್ಯಾನೇಜರಿಗೆ ಒಂದು ಟಿಪ್ಪಣಿ ಕಳುಹಿಸಿ. ಭಾಷೆ ನಿಮ್ಮ ಆಫೀಸಿನದೇ ಇರಲಿ, ಧಾಟಿ ಹೀಗಿರಲಿ. ಅಂಕಿಗಳು ಮತ್ತು ಕಾರಣ ಉದಾಹರಣೆಗೆಂದು ನಾನು ಇಟ್ಟವು:

‘ಜೂನ್‌ನಿಂದ ಆಗಸ್ಟ್‌ವರೆಗೆ ರಾತ್ರಿಯ ತಾಳೆ ಕೆಲಸ ಆರು ಸಲ ನಿಂತಿತ್ತು, ಪ್ರತಿ ಸಲವೂ ಸಪೋರ್ಟ್ ತಂಡದ ಇಬ್ಬರನ್ನು ಎಬ್ಬಿಸಬೇಕಾಗಿತ್ತು. ಬ್ಯಾಂಕಿನ ಫೈಲ್ ಪೂರ್ತಿ ಬರುವ ಮೊದಲೇ ನಮ್ಮ ಪ್ರೋಗ್ರಾಮ್ ನಿಗದಿತ ಗಂಟೆಗೆ ಆರಂಭವಾಗುತ್ತಿದ್ದುದು ಕಾರಣ. ಫೈಲ್ ಪೂರ್ತಿ ಬಂದದ್ದು ಖಚಿತವಾದ ಮೇಲೆಯೇ ಆರಂಭವಾಗುವಂತೆ ಸೆಪ್ಟೆಂಬರಿನಲ್ಲಿ ಬದಲಿಸಿದೆ. ಅಲ್ಲಿಂದ ಇಲ್ಲಿಯವರೆಗೆ ಒಮ್ಮೆಯೂ ನಿಂತಿಲ್ಲ. ಟಿಕೆಟ್‌ಗಳ ಪಟ್ಟಿ ಜೊತೆಗಿದೆ. ಬ್ಯಾಂಕ್ ತಾನಾಗಿ ತಪ್ಪು ಫೈಲ್ ಕಳುಹಿಸಿದರೆ ಈಗಲೂ ನಿಲ್ಲಬಹುದು, ಅದಕ್ಕೆ ಸಪೋರ್ಟ್ ತಂಡದೊಂದಿಗೆ ಪರಿಹಾರ ಯೋಚಿಸುತ್ತಿದ್ದೇನೆ.’

ಇದರಲ್ಲಿ ನಿಮ್ಮನ್ನು ಹೊಗಳುವ ಒಂದೂ ಪದವಿಲ್ಲ. ಮೊದಲ ಮತ್ತು ನಾಲ್ಕನೆಯ ವಾಕ್ಯಗಳನ್ನು ನಿಮ್ಮ ಮ್ಯಾನೇಜರ್ ಹಾಗೆಯೇ ಎತ್ತಿಕೊಂಡು ಆ ಕೋಣೆಯಲ್ಲಿ ಹೇಳಬಹುದು, ಯಾರಾದರೂ ಪ್ರಶ್ನಿಸಿದರೆ ಟಿಕೆಟ್ ತೋರಿಸಬಹುದು. ಉಳಿದಿರುವ ಕೊರತೆಯನ್ನು ನೀವೇ ಹೇಳಿರುವುದರಿಂದ ಮೇಲಿನದಕ್ಕೆ ವಿಶ್ವಾಸ ಬರುತ್ತದೆ. ಇದೇ ಟಿಪ್ಪಣಿಯನ್ನು ಸಪೋರ್ಟ್ ತಂಡದ ಮುಖ್ಯಸ್ಥರಿಗೂ ಕಳುಹಿಸಿ ‘ಇದು ನಿಮ್ಮ ಅನುಭವಕ್ಕೆ ಹೊಂದುತ್ತದೆಯೇ’ ಎಂದು ಕೇಳಿದರೆ, ಅವರ ಉತ್ತರವೇ ಸಾಕ್ಷಿಯಾಗುತ್ತದೆ.

ಇನ್ನು ಮುಂದೆ ವಾರಕ್ಕೊಮ್ಮೆ ಐದಾರು ಸಾಲು ಬರೆಯಿರಿ. ಎಷ್ಟು ಮೀಟಿಂಗಿಗೆ ಹೋದೆ, ಎಷ್ಟು ಟಿಕೆಟ್ ಮುಗಿಸಿದೆ ಎಂಬ ಪಟ್ಟಿಯಾದರೆ ಅದನ್ನು ಯಾರೂ ಓದುವುದಿಲ್ಲ. ಓದುತ್ತಿಲ್ಲ ಎಂಬುದಕ್ಕೆ ಗುರುತೂ ಇದೆ: ಒಂದು ತಿಂಗಳಾದರೂ ಮ್ಯಾನೇಜರ್ ಅದರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರುವುದಿಲ್ಲ. ಆಗ ಟಿಪ್ಪಣಿಯನ್ನು ಕಿರಿದಾಗಿಸಿ, ಅವರು ನಿರ್ಧರಿಸಬೇಕಾದ ಒಂದು ವಿಷಯವನ್ನು ಮೇಲೆ ಇಡಿ. ಎಲ್ಲದರ ಸಾರವನ್ನು ಗ್ರಾಹಕರ ಗುಟ್ಟಿನ ಮಾಹಿತಿ ಸೇರದಂತೆ ನಿಮ್ಮಲ್ಲಿಯೂ ಇಟ್ಟುಕೊಳ್ಳಿ. ವರ್ಷದ ನಡುವೆ ಮ್ಯಾನೇಜರ್ ಬದಲಾದರೆ ದೂರದಲ್ಲಿ ಕೆಲಸ ಮಾಡುವವರ ಇಡೀ ಇತಿಹಾಸವೇ ಅವರ ಹಿಂದೆ ಹೊರಟುಹೋಗುತ್ತದೆ. ನನಗೆ ಬರುವ ಪತ್ರಗಳಲ್ಲಿ ಅತಿ ಹೆಚ್ಚು ನೋವು ಕಾಣುವುದು ಈ ಒಂದು ಸಂಗತಿಯಲ್ಲಿಯೇ.

ಇದನ್ನು ನಾನು ಕಂಪ್ಯೂಟರಿನವರಿಂದ ಕಲಿಯಲಿಲ್ಲ. ತರುಣನಾಗಿದ್ದಾಗ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ತಾಲ್ಲೂಕು ವರದಿಗಾರರ ಸುದ್ದಿ ಆಗ ಲಕೋಟೆಯಲ್ಲಿ ಬಸ್ಸಿನ ಮೂಲಕ ಬರುತ್ತಿತ್ತು, ಅವರ ಮುಖವನ್ನು ವರ್ಷಕ್ಕೊಮ್ಮೆಯೂ ನಾವು ನೋಡುತ್ತಿರಲಿಲ್ಲ. ಇಂಡಿ ಕಡೆಯ ಒಬ್ಬ ವರದಿಗಾರರು ಪ್ರತಿ ಸುದ್ದಿಯ ಜೊತೆ ಒಂದು ಚೀಟಿ ಇಡುತ್ತಿದ್ದರು. ಯಾರನ್ನು ಕಂಡು ಮಾತನಾಡಿಸಿದೆ, ಯಾವ ಕಾಗದವನ್ನು ಕಣ್ಣಾರೆ ನೋಡಿದೆ, ಯಾವುದು ಇನ್ನೂ ಖಚಿತವಾಗಿಲ್ಲ ಎಂಬುದಷ್ಟೇ ಅದರಲ್ಲಿರುತ್ತಿತ್ತು. ರಾತ್ರಿ ಪುಟ ಕಟ್ಟುವಾಗ ಸುದ್ದಿ ಸಂಪಾದಕರು ಆ ಚೀಟಿಯನ್ನು ನೋಡಿ ಎರಡನೆಯ ಮಾತಿಲ್ಲದೆ ಸುದ್ದಿಯನ್ನು ಮುಖಪುಟಕ್ಕೆ ಹಾಕುತ್ತಿದ್ದರು. ಹೀಗಿದ್ದೂ ಆ ಪತ್ರಿಕೆಯ ಆಡಳಿತ ಖಾಯಂ ಹುದ್ದೆ ಕೊಟ್ಟದ್ದು ದಿನಾ ಸಂಜೆ ಕಚೇರಿಗೆ ಬಂದು ಕೂರುತ್ತಿದ್ದ ಇನ್ನೊಬ್ಬರಿಗೆ. ಆಡಳಿತದವರ ಕಣ್ಣಿಗೆ ಆ ಚೀಟಿಗಳು ಬೀಳುತ್ತಲೇ ಇರಲಿಲ್ಲ. ಚೀಟಿ ಡೆಸ್ಕಿನಲ್ಲೇ ಉಳಿಯಿತು, ತೀರ್ಮಾನ ಮಹಡಿಯ ಮೇಲಾಯಿತು. ಆದ್ದರಿಂದಲೇ ಮ್ಯಾನೇಜರಿನ ಮೇಲಿನವರಿಗೂ ಮೂರು ತಿಂಗಳಿಗೊಮ್ಮೆ ಒಂದು ಪುಟ ತಲುಪಲಿ ಎಂದು ಒತ್ತಿ ಹೇಳುತ್ತಿದ್ದೇನೆ. ಮ್ಯಾನೇಜರಿನ ಒಪ್ಪಿಗೆ ಪಡೆದು, ಅವರ ಮೂಲಕವೇ ಕಳುಹಿಸಿ.

ಬಡಾಯಿಯ ಅಂಜಿಕೆಯನ್ನು ದಯವಿಟ್ಟು ಬಿಡಿ. ನಮ್ಮ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲಿಗೆ ಹೋದಾಗ ವಿರೂಪಾಕ್ಷ ದೇವಾಲಯದ ಪೂರ್ವ ದ್ವಾರದ ಶಾಸನವನ್ನು ಕೇಳಿ ನೋಡಿ. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿಗಾಗಿ ಆ ಗುಡಿಯನ್ನು ಕಟ್ಟಿದ ಸೂತ್ರಧಾರಿ ಗುಂಡನ ಹೆಸರು ಅಲ್ಲಿದೆ, ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ದೊರೆತದ್ದೂ ಅಲ್ಲಿದೆ. ಮಾಡಿದವನ ಹೆಸರು ಮಾಡಿದ ಕೆಲಸದ ಪಕ್ಕದಲ್ಲಿರುವುದನ್ನು ಈ ನಾಡು ಎಂದೂ ಅಹಂಕಾರ ಎಂದು ಎಣಿಸಿಲ್ಲ.

ಆಫೀಸಿಗೆ ಹೋಗುವುದನ್ನು ನಿಲ್ಲಿಸಬೇಡಿ. ಅಮೆರಿಕದ ಸಂಶೋಧಕಿ ಕಿಂಬರ್ಲಿ ಎಲ್ಸ್‌ಬ್ಯಾಕ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬರು ಏನು ಕೆಲಸ ಮಾಡುತ್ತಿದ್ದಾರೆಂದು ತಿಳಿಯದಿದ್ದರೂ, ಕೆಲಸದ ವೇಳೆಯಲ್ಲಿ ಕುರ್ಚಿಯಲ್ಲಿ ಕಂಡವರನ್ನು ಜವಾಬ್ದಾರಿಯುಳ್ಳವರೆಂದೂ, ವೇಳೆ ಮೀರಿ ಕಂಡವರನ್ನು ನಿಷ್ಠಾವಂತರೆಂದೂ ನೋಡಿದವರು ಅರಿವಿಲ್ಲದೆಯೇ ಭಾವಿಸುತ್ತಾರೆ. ನಿಮ್ಮ ಮ್ಯಾನೇಜರ್ ಕೆಟ್ಟವರಲ್ಲದಿರಬಹುದು. ಆದರೆ ತೋಚಿದ ದಿನ ಹೋಗಬೇಡಿ. ಮೂರು ತಿಂಗಳ ಯೋಜನೆ ಕೂಡಿ ಚರ್ಚಿಸುವ ವಾರ, ಸಪೋರ್ಟ್ ತಂಡದ ಮುಖ್ಯಸ್ಥರು ಇರುವ ದಿನ ನೋಡಿಕೊಂಡು ಹೊರಡಿ. ಖಾಲಿ ಕುರ್ಚಿಗಳ ನಡುವೆ ಕುಳಿತು ಲ್ಯಾಪ್‌ಟಾಪಿನಲ್ಲೇ ಮೀಟಿಂಗ್ ಮಾಡಿ ಮರಳುವುದಕ್ಕೆ ಒಂದು ಹಗಲಿನ ರೈಲು ಪ್ರಯಾಣ ವ್ಯರ್ಥ.

ನನ್ನ ಸಿಟ್ಟು ಇರುವುದು ಇನ್ನೊಂದು ಕಡೆ. ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಎಂಜಿನಿಯರಿಂಗ್ ಕಾಲೇಜುಗಳಿಂದ ಬಂದ ಮಕ್ಕಳು ಊರು ಬಿಟ್ಟರೆ ಮಾತ್ರ ಲೆಕ್ಕಕ್ಕೆ ಬರುತ್ತಾರೆ ಎಂಬುದನ್ನು ನಾವು ವಿಧಿಯೆಂದೇ ಒಪ್ಪಿಕೊಂಡಿದ್ದೇವೆ. ತೀರ್ಮಾನಗಳನ್ನು ಚಹಾದ ಮೇಜಿನ ಬಳಿ ಬಾಯಿಮಾತಿನಲ್ಲಿ ಮುಗಿಸಿ, ಬರೆದಿಡುವ ಶ್ರಮವನ್ನೂ ತೆಗೆದುಕೊಳ್ಳದೆ, ದೂರದಲ್ಲಿದ್ದವರಿಗೆ ‘ನಿಮಗೆ ಗೊತ್ತಿರಲಿಲ್ಲವೇ’ ಎನ್ನುವ ಮ್ಯಾನೇಜರುಗಳ ದೋಷವನ್ನು ನಮ್ಮ ಮಕ್ಕಳು ಮನೆ ಬಾಡಿಗೆಯ ರೂಪದಲ್ಲಿ ತೆರಬೇಕೇ? ಮುಂದಿನ ಸಲ ಅಂಥ ತೀರ್ಮಾನ ನಿಮ್ಮ ಕಿವಿಗೆ ಬಿದ್ದ ಕೂಡಲೇ ತಂಡದ ಎಲ್ಲರೂ ಓದುವ ಚಾಟ್‌ನಲ್ಲಿ ‘ಹೀಗೆ ನಿರ್ಧಾರವಾಗಿದೆ ಎಂದು ತಿಳಿದೆ, ಸರಿಯೇ’ ಎಂದು ನೀವೇ ಬರೆಯಿರಿ. ಒಬ್ಬರ ಖಾಸಗಿ ಚಾಟ್‌ನಲ್ಲಿ ಕೊಡುವ ಉತ್ತರಗಳನ್ನೂ ಆದಷ್ಟು ಅಲ್ಲಿಗೇ ತನ್ನಿ.

ಇದರ ಮಿತಿಯನ್ನೂ ಹೇಳಬೇಕು. ಕೆಲವು ಕಂಪನಿಗಳು ಹಾಜರಾತಿಯನ್ನೇ ಬಡ್ತಿಯ ಷರತ್ತಾಗಿಸಿವೆ. ಪೂರ್ತಿಯಾಗಿ ಮನೆಯಿಂದ ಕೆಲಸ ಮಾಡುವವರಿಗೆ ಬಡ್ತಿಯಿಲ್ಲ ಎಂದು ಡೆಲ್ ಕಂಪನಿ ತನ್ನ ನೌಕರರಿಗೆ ತಿಳಿಸಿದ್ದು 2024ರಲ್ಲಿ ವರದಿಯಾಗಿತ್ತು. ಅಂಥ ನಿಯಮ ನಿಮ್ಮಲ್ಲಿದ್ದರೆ ಎಷ್ಟು ಬರೆದರೂ ಫಲವಿಲ್ಲ. ಆದ್ದರಿಂದ ಎಚ್‌ಆರ್ ವಿಭಾಗವನ್ನು ಈ-ಮೇಲ್ ಮೂಲಕವೇ ಕೇಳಿ. ಆಮೇಲೆ, ಮಾರ್ಚಿನವರೆಗೆ ಕಾಯದೆ, ಬಡ್ತಿಯ ಹೆಸರುಗಳು ಇನ್ನೂ ಚರ್ಚೆಯಲ್ಲಿರುವ ಜನವರಿಯ ಹೊತ್ತಿಗೆ ಮ್ಯಾನೇಜರೊಂದಿಗೆ ಒಬ್ಬರೇ ಮಾತನಾಡುವಾಗ, ‘ಆ ಸಭೆಯಲ್ಲಿ ನನ್ನ ಬಗ್ಗೆ ಏನು ಹೇಳುತ್ತೀರಿ, ಅದಕ್ಕೆ ಇನ್ನೇನು ಬೇಕು’ ಎಂದು ಕೇಳಿ. ಅವರು ನಿಮ್ಮ ತಾಳೆ ಪ್ರೋಗ್ರಾಮಿನ ಮಾತನ್ನು ತಾವಾಗಿ ಎತ್ತಿದರೆ ನಿಮ್ಮ ಟಿಪ್ಪಣಿ ತಲುಪಿದೆ. ತಡವರಿಸಿ ‘ಚೆನ್ನಾಗಿ ಮಾಡುತ್ತಿದ್ದೀರಿ’ ಎಂದಷ್ಟೇ ಹೇಳಿದರೆ, ಅದೇ ದಿನ ಮತ್ತೊಮ್ಮೆ ಆ ಒಂದು ಪುಟವನ್ನು ಕಳುಹಿಸಿ. ಎಚ್‌ಆರ್‌ನ ಉತ್ತರ ಮತ್ತು ಈ ಉತ್ತರ, ಎರಡೂ ಕೈಸೇರುವವರೆಗೆ ಬೆಂಗಳೂರಿನಲ್ಲಿ ಯಾವ ಮನೆಗೂ ಮುಂಗಡ ಕೊಡಬೇಡಿ.

— ಸಂಪಾದಕ